ಒಂದು ತುಂಡು ಕಡಿಮೆ ಇದ್ದ ತಿಂಡಿಗಳು

ಬೇಕರಿಯವರ ಈಮೇಲ್ ಬಂದದ್ದು ಬೆಳಗಿನ ಹೊತ್ತು. ಮಂಡಿ ಮೊಹಲ್ಲಾದಲ್ಲಿ ಕಾಗದದ ಹೋಲ್‌ಸೇಲ್ ಅಂಗಡಿಯ ಮೇಲೆ ನನ್ನದೊಂದು ಕೋಣೆ ಇದೆ. ಮದುವೆ ಕಾರ್ಡು, ಅಂಗಡಿ ಬೋರ್ಡು, ಮಸಾಲೆ ಪುಡಿಯ ಪಾಕೀಟು, ಹೋಟೆಲಿನ ಮೆನು, ಇಂಥವುಗಳ ಚಿತ್ರ ಬರೆದು ಅಕ್ಷರ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ನನ್ನ ಕಸುಬು. ಈಚೆಗೆ ಮದುವೆ ಕಾರ್ಡಿನವರು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾರೆ. ಫೋನಿನಲ್ಲೇ ಕಾರ್ಡು ಮಾಡಿ ಫೋನಿನಲ್ಲೇ ಕಳಿಸಿ ಫೋನಿನಲ್ಲೇ ಆಶೀರ್ವಾದವನ್ನೂ ಪಡೆಯುತ್ತಾರೆ. ಹಾಗಾಗಿ ಬೆಳಗ್ಗೆ ಬಂದವಳು ಮೊದಲು ಕಿಟಕಿ ತೆಗೆಯುತ್ತೇನೆ, ಆಮೇಲೆ ಮೇಜು ಒರೆಸುತ್ತೇನೆ, ಒರೆಸಿದ ಮೇಜನ್ನು ಇನ್ನೊಂದು ಸಲ ಒರೆಸುತ್ತೇನೆ, ಆಮೇಲೆ ಕಂಪ್ಯೂಟರ್ ಮುಂದೆ ಕೂರುತ್ತೇನೆ.

ಈಮೇಲಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಬೇಕರಿಯವರು ಫೋನಿಗೆ ಮಾತಾಡಿ ಅದರ ಕೈಲೇ ಟೈಪು ಮಾಡಿಸುವವರು. ಎಲ್ಲೂ ಪೂರ್ಣವಿರಾಮ ಇರುವುದಿಲ್ಲ. ಓದುವವರೇ ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು.

"ಮೇಡಂ ನಮಸ್ಕಾರ ಚೆನ್ನಾಗಿದ್ದೀರಾ ಹೆಬ್ಬಾಳದಲ್ಲಿ ಬಸ್ ಸ್ಟಾಪ್ ಎದುರಿಗೆ ಇನ್ನೊಂದು ಬೇಕರಿ ಮಾಡ್ತಾ ಇದೀನಿ ಅಲ್ಲಿ ಫ್ಯಾಕ್ಟರಿ ಶಿಫ್ಟಿಗೆ ಬರೋ ಜನ ಎಲ್ಲಾ ಕಡೆಯವರು ಕನ್ನಡ ಬರಲ್ಲ ಕೆಲವರಿಗೆ ಇಂಗ್ಲಿಷೂ ಬರಲ್ಲ ಚಿತ್ರಕ್ಕೆ ಬೆರಳಿಟ್ಟು ಇದು ಕೊಡಿ ಅಂತಾರೆ ಅದಕ್ಕೆ ಎಲ್ಲಾ ತಿಂಡಿಗೂ ಚಿತ್ರ ಇರೋ ಮೆನು ಕಾರ್ಡು ಬೇಕು ನೀವು ಪೂರ್ತಿ ಬರೆದರೆ ನಿಮ್ಮ ಫೀಸು ಎಷ್ಟಾಗುತ್ತೆ ಅಂತ ನನಗೆ ಗೊತ್ತು ಅದು ನ್ಯಾಯವಾದ ಫೀಸೇ ನಾನು ಇಲ್ಲ ಅನ್ನಲ್ಲ ಆದರೆ ಹೊಸ ಅಂಗಡಿ ಓವನ್ನು ಅಡ್ವಾನ್ಸು ಎಲ್ಲಾ ಸೇರಿ ಕೈ ಕಟ್ಟಿದೆ ಫೋನಿನಲ್ಲಿ ಈಗ ಚಿತ್ರ ಬರೆಯೋದು ಬಂದಿದೆಯಲ್ಲ ಅದಕ್ಕೆ ತಿಂಗಳಿಗೆ ಕೊಡೋದು ನಿಮ್ಮ ಒಂದು ಚಿತ್ರದ ದುಡ್ಡೂ ಆಗಲ್ಲ ಹಳೇ ಕಾರ್ಡಿನಲ್ಲಿ ನೀವು ಬರೆದ ದಿಲ್‌ಪಸಂದ್ ಚಿತ್ರ ಅದಕ್ಕೆ ಕೊಟ್ಟು ಇದೇ ಥರ ಬರಿ ಅಂತ ಒಂದೊಂದು ತಿಂಡಿ ಹೆಸರು ಹೇಳಿದೆ ಬರೆದುಬಿಡ್ತು ನಿಮ್ಮ ಕೈನೇ ಅನ್ನಿಸ್ತು ನೀವು ನೋಡಿ ಒಂದು ಮಾತು ಹೇಳಿ ಇದು ಸಾಲದು ಅಂದರೆ ನಿಮ್ಮ ಕೈಲೇ ಎಲ್ಲಾ ಬರೆಸ್ತೀನಿ ಸಾಕು ಅಂದರೆ ಅಕ್ಷರ ಜೋಡಿಸಿ ಪ್ರಿಂಟಿಗೆ ರೆಡಿ ಮಾಡಿಕೊಡಿ ಅದಕ್ಕೆ ಬೇರೆ ಫೀಸು ತಗೊಳ್ಳಿ ನಿಮ್ಮನ್ನೇ ಕೇಳೋದು ಸರಿಯಾ ತಪ್ಪಾ ಗೊತ್ತಿಲ್ಲ ಬೇರೆ ಯಾರನ್ನ ಕೇಳಲಿ"

ಒಂದೇ ಉಸಿರಿಗೆ ಓದಿ ಮುಗಿಸಿ ಕುರ್ಚಿಗೆ ಒರಗಿದೆ. ಕೋಪ ಬಂತು, ಸುಳ್ಳು ಹೇಳುವುದಿಲ್ಲ. ನನ್ನ ಹೊಟ್ಟೆಪಾಡಿನ ತೀರ್ಪನ್ನು ನನ್ನ ಕೈಗೇ ಕೊಟ್ಟು, ನೀವೇ ಹೇಳಿ ಎನ್ನುವ ಸಜ್ಜನಿಕೆಗೆ ಏನೆನ್ನಬೇಕು? "ಸಾಲದು" ಎಂದು ಒಂದು ಪದ ಟೈಪು ಮಾಡಿದರೆ ಪೂರ್ತಿ ಕೆಲಸ ನನಗೆ. ಮೂರು ತಿಂಗಳ ಬಾಡಿಗೆಯ ಚಿಂತೆ ತಪ್ಪುತ್ತಿತ್ತು. "ಸಾಕು" ಎಂದರೆ ಅಕ್ಷರ ಜೋಡಿಸುವ ಪುಡಿಕಾಸು. ಅವರು ನನ್ನನ್ನು ನಂಬಿ ಕೇಳಿದ್ದರು, ಅದೇ ತೊಂದರೆ. ನಂಬದವರಿಗೆ ಸುಳ್ಳು ಹೇಳುವುದು ಎಷ್ಟು ಸುಲಭ.

ನಾನು ಆಗಲೇ ಮನಸ್ಸಿನಲ್ಲಿ "ಸಾಲದು" ಎಂದು ಬರೆದಾಗಿತ್ತು. ಈಮೇಲಿನ ಜೊತೆ ಬಂದಿದ್ದ ಚಿತ್ರಗಳನ್ನು ತೆರೆದದ್ದು ತಪ್ಪು ಹುಡುಕುವುದಕ್ಕೆ. ಇಂಥ ಚಿತ್ರಗಳಲ್ಲಿ ತಪ್ಪು ಸಿಕ್ಕೇ ಸಿಗುತ್ತದೆ. ಕನ್ನಡ ಅಕ್ಷರ ಬರೆಸಿದರೆ ಒತ್ತಕ್ಷರಗಳು ಎಲ್ಲೆಲ್ಲೋ ಜೋತುಬಿದ್ದಿರುತ್ತವೆ. ಫೋನಿನಲ್ಲಿ ಚೆಂದ ಕಂಡದ್ದು ದೊಡ್ಡ ಬೋರ್ಡಿಗೆ ಹಿಗ್ಗಿಸಿದಾಗ ಮಸುಕಾಗುತ್ತದೆ. ಪರದೆಯ ಮೇಲೆ ಹೊಳೆಯುವ ಕಿತ್ತಳೆ ಬಣ್ಣ ಪ್ರೆಸ್ಸಿನ ಮಸಿಯಲ್ಲಿ ಕಂದಿಹೋಗುತ್ತದೆ. ಇವನ್ನೆಲ್ಲ ಪಟ್ಟಿ ಮಾಡಲು ಸಜ್ಜಾಗಿಯೇ ಮೊದಲ ಚಿತ್ರ ತೆರೆದೆ.

ಖಾರಾ ಬನ್ನು. ನನ್ನ ಕೈಯೇ.

ನಾನು ಬಣ್ಣ ಹಾಕುವ ಮೊದಲು ಕಪ್ಪು ಪೆನ್ನಿನಲ್ಲಿ ಸಣ್ಣ ಸಣ್ಣ ಗೆರೆ ಎಳೆಯುತ್ತೇನೆ. ನೆರಳಿರುವ ಕಡೆ ಒತ್ತಾಗಿ, ಬೆಳಕಿರುವ ಕಡೆ ಬಿಡಿಬಿಡಿಯಾಗಿ, ಎಲ್ಲ ಗೆರೆಗಳೂ ಸ್ವಲ್ಪ ಎಡಕ್ಕೆ ವಾಲುತ್ತವೆ. ಅದು ನನ್ನ ಮಣಿಕಟ್ಟಿನ ಗುಣ, ಕಲಿತದ್ದಲ್ಲ. ಆ ವಾಲಿಕೆಯೂ ಬಂದಿತ್ತು. ಮುಂದಿನದು ಬೆಣ್ಣೆ ಬಿಸ್ಕತ್ತು. ಆಮೇಲೆ ಹನಿ ಕೇಕು, ಕೊಬ್ಬರಿ ಬನ್ನು, ಬ್ರೆಡ್ಡು, ಎಗ್ ಪಫ್ಸು, ಪಲ್ಯದ ಬನ್ನು, ರಸ್ಕು. ನಾನು ಯಾವತ್ತೂ ಬರೆಯದ ತಿಂಡಿಗಳು ನನ್ನ ಗೆರೆಯಲ್ಲಿ ಕೂತಿದ್ದವು. ಯಾವಾಗಲೋ ಜ್ವರದಲ್ಲಿ ಬರೆದು ಮರೆತಿದ್ದೇನೋ ಎನ್ನಿಸಿತು. ಒಂದು ಗಳಿಗೆ ಡ್ರಾಯರ್ ಎಳೆದು ಹುಡುಕಿಯೂ ನೋಡಿದೆ. ಕೆಳಗಡೆ ಕಾಗದದ ರೀಮುಗಳನ್ನು ಗಾಡಿಯಿಂದ ಇಳಿಸುವ ಸದ್ದು ಬರುತ್ತಿತ್ತು, ನಾನು ನನ್ನದಲ್ಲದ ನನ್ನ ಚಿತ್ರಗಳನ್ನು ನೋಡುತ್ತ ಕೂತಿದ್ದೆ.

ಮತ್ತೆ ಮೊದಲಿಂದ ನೋಡಿದಾಗ ಕಂಡಿತು. ಪ್ರತಿಯೊಂದು ತಿಂಡಿಯಲ್ಲೂ ಒಂದು ತುಂಡು ಇರಲಿಲ್ಲ.

ಖಾರಾ ಬನ್ನಿನ ಬಲಗಡೆ, ಮೇಲ್ಭಾಗದಲ್ಲಿ, ತ್ರಿಕೋಣದ ಹಾಗೆ ಒಂದು ತುಂಡು ತೆಗೆದಿತ್ತು. ಬಿಸ್ಕತ್ತಿನಲ್ಲೂ ಅಲ್ಲೇ. ಬ್ರೆಡ್ಡಿನ ಪೌಂಡಿನಲ್ಲೂ ಅಲ್ಲೇ, ಅದೇ ಮೂಲೆಯಲ್ಲಿ. ಯಾರೋ ಬೇಕರಿಯ ಗಾಜಿನ ಪೆಟ್ಟಿಗೆಯೊಳಗೆ ನುಗ್ಗಿ ಒಂದೊಂದರಲ್ಲೂ ಒಂದೊಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಹೋದಂತಿತ್ತು.

ಆ ಯಾರೋ ನನ್ನ ಅಪ್ಪ.

ದಿಲ್‌ಪಸಂದ್ ಎಂದರೆ ತಟ್ಟೆಯಗಲದ, ಚಪ್ಪಟೆಯ ದುಂಡು ತಿಂಡಿ. ಮೇಲೊಂದು ಕೆಳಗೊಂದು ಪದರ, ನಡುವೆ ಸಕ್ಕರೆ ಹಾಕಿದ ಕೊಬ್ಬರಿ, ಟೂಟಿಫ್ರೂಟಿ. ಹಳೇ ಕಾರ್ಡಿಗೆ ಅದರದೊಂದೇ ಚಿತ್ರ ಬೇಕು ಎಂದು ಬೇಕರಿಯವರು ಆಗ ಒಂದು ಇಡೀ ದಿಲ್‌ಪಸಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ನಾನು ಅದನ್ನು ಮನೆಗೆ ತಂದು, ಕಿಟಕಿಯ ಬಳಿ ತಟ್ಟೆಯಲ್ಲಿಟ್ಟು, ಪೆನ್ಸಿಲ್ ಚೂಪು ಮಾಡಲು ಒಳಗೆ ಹೋದೆ. ಬರುವಷ್ಟರಲ್ಲಿ ತಟ್ಟೆಯಲ್ಲಿ ಮುಕ್ಕಾಲು ಉಳಿದಿತ್ತು. ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಪೇಪರು ತಲೆಕೆಳಗಾಗಿರಲಿಲ್ಲ, ಅಷ್ಟರಮಟ್ಟಿಗೆ ಹುಷಾರು. ಆದರೆ ಮೀಸೆಯಲ್ಲಿ ಕೊಬ್ಬರಿ ಇತ್ತು.

"ಅಪ್ಪಾ, ಶುಗರ್ ಎಷ್ಟಿದೆ ಅಂತ ಗೊತ್ತಲ್ವಾ ನಿಮ್ಗೆ?" ಎಂದೆ.

"ಚಿತ್ರಕ್ಕೆ ಮುಕ್ಕಾಲು ಸಾಕಾಗಲ್ವೇನಮ್ಮಾ?" ಎಂದರು.

ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಸರ್ವಿಸ್ ಪೂರ್ತಿ ಶಿಫ್ಟು ಮಾಡಿ ರಿಟೈರಾದವರು. ಸಿಹಿ ಎಂದರೆ ಪ್ರಾಣ. ಡಾಕ್ಟರು ಒಂದೊಂದೇ ಸಿಹಿಯನ್ನು ಕಿತ್ತುಕೊಂಡ ಮೇಲೆ ಮನೆಯಲ್ಲಿ ಅವರು ಓಡಾಡುವ ರೀತಿಯೇ ಬೇರೆಯಾಗಿತ್ತು. ಅಡುಗೆಮನೆಗೆ ಸುಮ್ಮನೆ ಬಂದವರ ಹಾಗೆ ಬರುವುದು, ಡಬ್ಬದ ಮುಚ್ಚಳವನ್ನು ಸದ್ದಿಲ್ಲದೆ ತಿರುಗಿಸುವುದು, ಸಿಕ್ಕಿಬಿದ್ದರೆ ಉಪ್ಪು ಹುಡುಕುತ್ತಿದ್ದೆ ಎನ್ನುವುದು. ನಾವಿಬ್ಬರೇ ಇದ್ದ ಮನೆ. ಒಬ್ಬರು ಬಚ್ಚಿಡುವುದು, ಇನ್ನೊಬ್ಬರು ಹುಡುಕುವುದು, ಇದೇ ನಮ್ಮ ಸಂಸಾರ. ಅವತ್ತು ಇನ್ನೊಂದು ದಿಲ್‌ಪಸಂದ್ ತರಲು ಹೊತ್ತಿರಲಿಲ್ಲ, ಇದ್ದ ಮುಕ್ಕಾಲನ್ನೇ ಬರೆದೆ. ಬೇಕರಿಯವರು ನೋಡಿ, ಒಳಗಿನ ಕೊಬ್ಬರಿ ಕಾಣುತ್ತದೆ, ಇದೇ ಚೆಂದ ಎಂದರು. ಹಾಗಾಗಿ ಕಾರ್ಡಿಗೆ ಹೋದದ್ದು ಅಪ್ಪ ತಿಂದು ಬಿಟ್ಟ ದಿಲ್‌ಪಸಂದ್.

ಹೋದ ವರ್ಷ ಅಪ್ಪ ಹೋದರು.

ಫೋನಿಗೆ ಇದೆಲ್ಲ ಏನು ಗೊತ್ತು? ಇದೇ ಥರ ಬರಿ ಎಂದರು, ಬರೆಯಿತು. ಗೆರೆಯೂ ಎಡಕ್ಕೆ ವಾಲಬೇಕು, ಬಣ್ಣವೂ ಹೀಗಿರಬೇಕು, ಬಲಗಡೆ ಒಂದು ತುಂಡೂ ಇರಬಾರದು, ಎಲ್ಲವೂ ಅದಕ್ಕೆ ಒಂದೇ ಲೆಕ್ಕ. ನನ್ನ ಕೈಯ ಗೆರೆಯ ಜೊತೆಗೆ ಅಪ್ಪನ ಕಳ್ಳತನವನ್ನೂ ಅದು ಕಲಿತುಬಿಟ್ಟಿತ್ತು.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಚಿತ್ರಗಳನ್ನು ಒಂದಾದ ಮೇಲೊಂದು ಪರದೆಯ ಮೇಲೆ ಬಿಟ್ಟುಕೊಂಡು ಕೂತೆ. ಕೋಣೆ ಬೆಚ್ಚಗಿತ್ತು, ಕಾಗದದ ವಾಸನೆ ಮೆಟ್ಟಿಲ ಮೇಲಿಂದ ಹತ್ತಿ ಬರುತ್ತಿತ್ತು, ಫ್ಯಾನು ಕಿರ್ರೆನ್ನುತ್ತಿತ್ತು. ಅರೆಗಣ್ಣಿನಲ್ಲಿ ಅಪ್ಪ ನಡೆದುಬಂದರು. ಬಿಳಿ ಅಂಗಿ, ಜೇಬಿನಲ್ಲಿ ಕನ್ನಡಕದ ಡಬ್ಬಿ. ಬೇಕರಿಯ ಬಾಗಿಲು ತೆರೆದಿತ್ತು, ಯಾರೂ ಇರಲಿಲ್ಲ. ಹನಿ ಕೇಕಿನ ಟ್ರೇ ಎಳೆದು ಒಂದು ಮೂಲೆ ಮುರಿದರು. ಜಾಮು ಬೆರಳಿಗೆ ಅಂಟಿತು. ಕೊಬ್ಬರಿ ಬನ್ನಿನದೊಂದು ಚೂರು. ಬೆಣ್ಣೆ ಬಿಸ್ಕತ್ತು ಬಾಯಲ್ಲಿ ಕರಗುವಾಗ ಕಣ್ಣು ಮುಚ್ಚಿದರು. ಯಾವುದನ್ನೂ ಪೂರ್ತಿ ತಿನ್ನಲಿಲ್ಲ, ಒಂದೊಂದು ತುಂಡು ಮಾತ್ರ, ಮಗಳು ಲೆಕ್ಕ ಹಿಡಿಯಬಾರದಲ್ಲ. ಆ ಬೇಕರಿಗೆ ಕೊನೆಯೇ ಇರಲಿಲ್ಲ. ಒಂದು ಕಪಾಟಿನ ಹಿಂದೆ ಇನ್ನೊಂದು ಕಪಾಟು, ಅದರ ಹಿಂದೆ ಮತ್ತೊಂದು, ಎಲ್ಲ ಕಡೆಯೂ ಹೊಸದಾಗಿ ಸುಟ್ಟ ಹಿಟ್ಟಿನ ವಾಸನೆ. ಯಾರೂ ಅವರ ಬೆರಳು ಚುಚ್ಚಿ ರಕ್ತ ತೆಗೆಯಲಿಲ್ಲ. ನಾನೂ ಬೈಯಲಿಲ್ಲ. ಬೈಯಲು ನನಗೆ ಬಾಯೇ ಬರಲಿಲ್ಲ, ಅವರು ಅಷ್ಟು ಖುಷಿಯಾಗಿದ್ದರು.

ಎಚ್ಚರಾದಾಗ ಬಿಸಿಲು ಎದುರು ಗೋಡೆಗೆ ಹೋಗಿತ್ತು. "ಸಾಲದು" ಎಂದು ಬರೆಯುವ ಮನಸ್ಸು ನನಗೆ ಉಳಿದಿರಲಿಲ್ಲ. ಸಾಲದು ಎಂದರೆ ಆ ಚಿತ್ರಗಳನ್ನು ಅಳಿಸುತ್ತಾರೆ. ಅಳಿಸಿದರೆ ಅಪ್ಪ ಮತ್ತೆ ಪಥ್ಯದ ಮನೆಗೇ ಬರಬೇಕು. ಇದು ಹುಚ್ಚು ಎಂದು ಗೊತ್ತಿತ್ತು. ಗೊತ್ತಿದ್ದೇ ಬೇಕರಿಯವರಿಗೆ ಬರೆದೆ: ನಾಳೆ ಬಂದು ಮಾತಾಡುತ್ತೇನೆ, ಚಿತ್ರಗಳು ಚೆನ್ನಾಗಿವೆ.

ಮಾರನೆಯ ಬೆಳಗ್ಗೆ ಬೇಕರಿಗೆ ಹೋದಾಗ ಯಜಮಾನರು ಬನ್ನಿನ ಟ್ರೇಗಳನ್ನು ಜೋಡಿಸುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಊರ ಕಡೆ ಜಮೀನು ಅಣ್ಣತಮ್ಮಂದಿರಿಗೆ ಬಿಟ್ಟು ಇಲ್ಲಿ ಯಾರದೋ ಬೇಕರಿಯಲ್ಲಿ ಹಿಟ್ಟು ನಾದಿ ಕಲಿತವರು. ಗಲ್ಲಾದಲ್ಲಿ ಅವರ ಹೆಂಡತಿ ಕೂತಿದ್ದರು. ಗಲ್ಲಾದ ಪಕ್ಕದ ಗೋಡೆಗೆ ಆ ಚಿತ್ರಗಳನ್ನೆಲ್ಲ ಒಂದೇ ದೊಡ್ಡ ಕಾಗದದಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿದ್ದರು, ಹೇಗೆ ಕಾಣುತ್ತದೆ ನೋಡೋಣ ಎಂದು. ಪರದೆಯಲ್ಲಿ ಕಂಡದ್ದಕ್ಕಿಂತ ಬಣ್ಣ ಕಂದಿತ್ತು. ತುಂಡಿಲ್ಲದ ಮೂಲೆಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತಿದ್ದವು.

"ಬನ್ನಿ ಮೇಡಂ, ಕೂತ್ಕೊಳಿ" ಎಂದು ಯಜಮಾನರು ಸ್ಟೂಲು ಎಳೆದು ಕೊಟ್ಟರು. "ನೋಡುದ್ರಾ? ಏನಂತೀರಿ?"

"ಚೆನ್ನಾಗಿದೆ ಯಜಮಾನ್ರೆ. ಇದೇ ಇರ್ಲಿ. ಬಣ್ಣ ಸ್ವಲ್ಪ ಸರಿ ಮಾಡಿ, ಹೆಸರು ಬರೆದು ಪ್ರಿಂಟಿಗೆ ಕೊಡ್ತೀನಿ."

ಅವರು ಕೈಗಂಟಿದ ಹಿಟ್ಟನ್ನು ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು. "ನೀವು ಬ್ಯಾಡ ಅಂತೀರ ಅಂದ್ಕೊಂಡಿದ್ದೆ ಕಣ್ರೀ. ನಿಮ್ ಹೊಟ್ಟೆ ಮೇಲೆ ನೀವೇ ಹೊಡ್ಕೋತಾ ಇದೀರಲ್ಲ."

"ಚೆನ್ನಾಗಿರೋದನ್ನ ಚೆನ್ನಾಗಿಲ್ಲ ಅಂತ ಹೆಂಗೆ ಹೇಳ್ಲಿ?"

ಗಲ್ಲಾದಿಂದ ಹೆಂಡತಿ ಮಾತು ಸೇರಿಸಿದರು. "ಅಕ್ಕಾ, ನಂದೊಂದು ಮಾತು. ಎಲ್ಲಾದ್ರಲ್ಲೂ ಯಾರೋ ಕಚ್ಚಿದಂಗೆ ಇದೆಯಲ್ಲ ಅಂತ ನಾನು ಇವ್ರಿಗೆ ಅವತ್ತೇ ಹೇಳ್ದೆ. ಇವ್ರು, ಅದು ಅವ್ರ ಸ್ಟೈಲು, ನಿಂಗೆ ಗೊತ್ತಾಗಲ್ಲ ಸುಮ್ನಿರು ಅಂದ್ರು. ಸ್ಟೈಲೇನಾ ಅದು?"

ಸ್ಟೈಲು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೂಂ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಆ ಹೆಣ್ಣುಮಗಳು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ನನ್ನ ಮುಖ ನೋಡುತ್ತಿದ್ದರು. ಹೆಬ್ಬಾಳದಲ್ಲಿ ಬಸ್ಸಿಳಿದು ಬರುವವರು ಬೆರಳಿಡುವುದು ಈ ಚಿತ್ರಗಳ ಮೇಲೆ. ಅವರಿಗೆ ಕೇಳಲು ಭಾಷೆ ಇಲ್ಲ, ಮುರಿದ ತಿಂಡಿ ಮಾರುವ ಅಂಗಡಿ ಎಂದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಷ್ಟೇ. ಇವರು ತಮ್ಮ ದುಡಿಮೆಯನ್ನೆಲ್ಲ ಅಲ್ಲಿ ಸುರಿದಿದ್ದರು. ನಾನು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ತಟ್ಟೆ, ಕಿಟಕಿ, ಪೇಪರು, ಮೀಸೆಯ ಕೊಬ್ಬರಿ, ಹೋದ ವರ್ಷದ್ದು, ನಿನ್ನೆ ಮಧ್ಯಾಹ್ನದ ಕನಸು, ಎಲ್ಲ. ಗಿರಾಕಿ ಬಂದರೂ ಯಜಮಾನರು ಒಂದು ಬ್ರೆಡ್ಡು ಕೊಟ್ಟು ಕಳಿಸಿ ಮತ್ತೆ ಬಂದು ನಿಂತರು.

ಮುಗಿದ ಮೇಲೆ ಯಜಮಾನರು ಗಲ್ಲಾದ ಪಕ್ಕಕ್ಕೆ ಬಂದರು. ಗೋಡೆಯ ಕಾಗದವನ್ನೇ ನೋಡುತ್ತಿದ್ದರು.

"ನಿಮ್ ತಂದೆಯವ್ರು ಇಲ್ಲಿಗೆ ಬರೋರು ಕಣ್ರೀ" ಎಂದರು ಕೊನೆಗೆ. "ಉದ್ದಕ್ಕೆ, ಕನ್ನಡಕದ ಡಬ್ಬಿ ಜೇಬಲ್ಲಿ. ಕಾಲು ದಿಲ್‌ಪಸಂದ್ ತಗೊಂಡು ಇಲ್ಲೇ ನಿಂತ್ಕೊಂಡು ತಿನ್ನೋರು. ಮೀಸೆ ಒರೆಸ್ಕೊಂಡು ಹೋಗೋರು. ನಿಮ್ ತಂದೆ ಅಂತ ನಂಗೆ ಈಗ ಗೊತ್ತಾಯ್ತು. ಹಳೇ ಕಾರ್ಡಲ್ಲಿ ಆ ಚಿತ್ರ ಬಂದ್ಮೇಲೇ ಬರೋಕೆ ಶುರು ಮಾಡಿದ್ರು."

ನನಗೆ ನಗು ಬಂತು. ಅಂದರೆ ನಾನು ಮನೆಯ ಡಬ್ಬಗಳನ್ನೆಲ್ಲ ಬಚ್ಚಿಟ್ಟು ಗೆದ್ದೆ ಎಂದುಕೊಂಡಿದ್ದ ಕಾಲದಲ್ಲಿ ಅಪ್ಪ ಇಲ್ಲಿ ನಿಂತು ತಿನ್ನುತ್ತಿದ್ದರು. ಇಲ್ಲಿಯ ವಿಳಾಸ ನಾನೇ ಮನೆಗೆ ತಂದಿದ್ದೆ.

"ಇರ್ಲಿ ಬುಡಿ ಮೇಡಂ, ಅಂಗೇ ಇರ್ಲಿ" ಎಂದರು ಯಜಮಾನರು. "ಒಂದೊಂದು ತುಂಡು ತಾನೇ. ತಿನ್ಲಿ. ಜನ ಅಡ್ಜಸ್ಟ್ ಮಾಡ್ಕೋತಾರೆ."

ಹೆಂಡತಿ ಗಂಡನ ಮುಖ ನೋಡಿದರು, ಆದರೆ ಬೇಡ ಎನ್ನಲಿಲ್ಲ. ಯಜಮಾನರೇ ಇರಲಿ ಎಂದ ಮೇಲೆ ನನಗೆ ಬೇಕಾದದ್ದು ಸಿಕ್ಕಂತಾಯಿತು. ಹೆಬ್ಬಾಳದ ಬಸ್ ಸ್ಟಾಪಿನ ಎದುರು ಅಪ್ಪ ದಿನವೂ ಎಲ್ಲ ತಿಂಡಿಯನ್ನೂ ತಿನ್ನಬಹುದಿತ್ತು. ನಾನು ಎದ್ದು ಗೋಡೆಯ ಹತ್ತಿರ ಹೋಗಿ ಒಂದೊಂದನ್ನೂ ಕಣ್ತುಂಬ ನೋಡಿದೆ. ಹನಿ ಕೇಕು ತಿಂದಿದ್ದಾರೆ. ಕೊಬ್ಬರಿ ಬನ್ನು ತಿಂದಿದ್ದಾರೆ. ಬಿಸ್ಕತ್ತು ತಿಂದಿದ್ದಾರೆ. ರಸ್ಕು ತಿಂದಿದ್ದಾರೆ.

ರಸ್ಕು ತಿಂದಿದ್ದಾರೆ?

ಅಪ್ಪ ರಸ್ಕು ಮುಟ್ಟುತ್ತಿರಲಿಲ್ಲ. ಶುಗರ್ ಇದೆ ಎಂದು ಗೊತ್ತಾದ ದಿನದಿಂದ ಬಂದವರೆಲ್ಲ ತಂದು ಕೊಟ್ಟದ್ದು ಅದನ್ನೇ. ಅದು ಕಾಯಿಲೆಯವರ ತಿಂಡಿ, ಅದನ್ನು ತಿಂದರೆ ಕಾಯಿಲೆಯವನು ಎಂದು ಒಪ್ಪಿಕೊಂಡ ಹಾಗೆ ಎನ್ನುತ್ತಿದ್ದರು. ಒಂದು ಸಲ ಸುಮ್ಮನೆ ಕಾಫಿಗೆ ಅದ್ದಿ ಕೊಟ್ಟದ್ದಕ್ಕೆ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಕೊನೆಗೆ ಏನೂ ಸೇರದಿದ್ದಾಗಲೂ ನರ್ಸು ರಸ್ಕು ತಂದರೆ ಮುಖ ಆಚೆ ತಿರುಗಿಸಿದ್ದರು. ಇಲ್ಲಿ ಗೋಡೆಯ ಮೇಲೆ ಅವರು ಅದನ್ನು ಖುಷಿಯಿಂದ ತಿಂದಿದ್ದಾರೆ. ಪಕ್ಕದಲ್ಲಿ ಎಗ್ ಪಫ್ಸನ್ನೂ ತಿಂದಿದ್ದಾರೆ. ಮೊಟ್ಟೆಯ ವಾಸನೆಗೇ ಬೀದಿ ದಾಟಿ ನಡೆಯುತ್ತಿದ್ದ ಮನುಷ್ಯ.

ನಿನ್ನೆಯಿಂದ ನಾನು ನೋಡುತ್ತಿದ್ದದ್ದು ಅಪ್ಪನನ್ನಲ್ಲ. ಬೇಕು ಬೇಡ ಎನ್ನುವುದೇ ಇಲ್ಲದ ಯಾರೋ ಒಬ್ಬರು, ಎಲ್ಲದರಲ್ಲೂ ಒಂದೇ ಅಳತೆಯ ತುಂಡು ತೆಗೆದುಕೊಂಡು ಹೋಗಿದ್ದರು. ಅಪ್ಪನಿಗೆ ಎಷ್ಟೊಂದು ಬೇಡಗಳಿದ್ದವು. ಆ ಬೇಡಗಳಿಲ್ಲದೆ ಅವರು ಅವರಾಗುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಸ್ವಲ್ಪ ಹೊತ್ತು ಅತ್ತೆ. ಆ ದಂಪತಿಗಳು ಒಳ್ಳೆಯವರು, ನೋಡದ ಹಾಗಿದ್ದರು.

"ಯಜಮಾನ್ರೆ, ಇದು ಸರಿಯಿಲ್ಲ" ಎಂದೆ ಆಮೇಲೆ. "ತುಂಡುಗಳನ್ನ ತುಂಬಿಸ್ಬುಡಿ. ಬೇಕರಿ ಕಾರ್ಡಲ್ಲಿ ತಿಂಡಿ ಪೂರ್ತಿ ಇರ್ಬೇಕು."

ಅವರು ಕಣ್ಣಲ್ಲೇ ಇನ್ನೊಂದು ಸಲ ಕೇಳಿದರು. ನಾನು ಹೂಂ ಎಂದೆ. ಹೆಂಡತಿ ಫೋನು ತೆಗೆದುಕೊಂಡು ಬಂದು ನನ್ನ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಕೊಂಡರು. ಬನ್ನನ್ನು ಪೂರ್ತಿ ಮಾಡು, ಬೇರೆ ಏನೂ ಬದಲಾಯಿಸಬೇಡ ಎಂದು ಫೋನಿಗೆ ಹೇಳಿದರು. ಪರದೆ ಮಸುಕಾಗಿ, ಸ್ವಲ್ಪ ಹೊತ್ತು ಏನೋ ಯೋಚಿಸಿದಂತೆ ಮಾಡಿ, ಮತ್ತೆ ಸ್ಪಷ್ಟವಾಯಿತು. ಬನ್ನು ದುಂಡಗಿತ್ತು. ಇಷ್ಟು ಸಲೀಸು. ನನ್ನ ಕೋಪಕ್ಕೆ, ನಾನು ಪಟ್ಟಿ ಮಾಡಿಟ್ಟುಕೊಂಡಿದ್ದ ತಪ್ಪುಗಳಿಗೆಲ್ಲ ಅದು ಕ್ಯಾರೇ ಎನ್ನಲಿಲ್ಲ. ಬ್ರೆಡ್ಡು ತುಂಬಿತು, ಬಿಸ್ಕತ್ತು ತುಂಬಿತು. ರಸ್ಕು ತುಂಬಿದಾಗ ನನಗೆ ಒಳಗೇ ಸಮಾಧಾನವಾಯಿತು. ಕೊಬ್ಬರಿ ಬನ್ನಿಗೆ ಬಂದಾಗ ಮಾತ್ರ, ಒಂದು ನಿಮಿಷ ತಾಳಮ್ಮಾ ಎಂದೆ. ಅವರು ತಾಳಿದರು. ಆಮೇಲೆ ನಾನೇ ತಲೆ ಆಡಿಸಿದೆ.

ದಿಲ್‌ಪಸಂದ್ ಬಂದಾಗ ಯಜಮಾನರು ಅಡ್ಡ ಬಂದರು. "ಅದು ಮೇಡಮ್ಮೋರು ಬರೆದಿದ್ದು, ಅದನ್ನ ಮುಟ್ಬ್ಯಾಡ. ಅಂಗೇ ಇರ್ಬೇಕು ಅದು."

ಪಲ್ಯದ ಬನ್ನಿನಲ್ಲಿ ಫೋನು ಎಡವಿತು. ಪೂರ್ತಿಯಾದ ಮೇಲೆ ಅದಕ್ಕೂ ಖಾಲಿ ಬನ್ನಿಗೂ ವ್ಯತ್ಯಾಸವೇ ಇರಲಿಲ್ಲ. ಹೆಂಡತಿ ಒಂದು ಪಲ್ಯದ ಬನ್ನನ್ನು ಬಿಡಿಸಿ ಫೋಟೋ ತೆಗೆದು, ಇದರ ಹಾಗೆ ಒಳಗಡೆ ಕಾಣಿಸು ಎಂದರು. ಅದು ಅವರ ಹುರಿದ ಈರುಳ್ಳಿ ಕ್ಯಾರೆಟ್ಟಿನ ಪಲ್ಯವನ್ನು ಬಿಟ್ಟು ಹಸಿರು ಎಲೆ, ಚೀಸಿನ ಹಾಳೆ ಹೊರಗೆ ಇಣುಕುವಂತೆ ಬರೆಯಿತು. ಮತ್ತೆ ಹೇಳಿದರು. ಎಲೆ ಹೋಯಿತು, ಟೊಮೆಟೊ ಬಂತು.

"ಇನ್ನೊಂದು ಹತ್ತು ಸಲ ಹೇಳುದ್ರೆ ಸರಿಯಾಗ್ಬೋದು" ಎಂದರು ಯಜಮಾನರು, ನಗುತ್ತ. "ನಂಗೆ ಅಷ್ಟು ತಾಳ್ಮೆ ಇಲ್ಲ. ಹಿಂಗ್ ಮಾಡೋಣ ಮೇಡಂ. ಬ್ರೆಡ್ಡು, ಬನ್ನು, ಬಿಸ್ಕತ್ತು, ರಸ್ಕು, ಹೊರಗಿಂದ ನೋಡುದ್ರೇ ಏನು ಅಂತ ಗೊತ್ತಾಗೋವು ಫೋನಿಂದೇ ಇರ್ಲಿ. ಒಳಗೇನಿದೆ ಅಂತ ತೋರಿಸ್ಬೇಕಾಗಿರೋವು ಐದು ಇದಾವೆ. ಪಲ್ಯದ ಬನ್ನು, ಎಗ್ ಪಫ್ಸು, ವೆಜ್ ಪಫ್ಸು, ಹನಿ ಕೇಕು, ಕ್ರೀಮ್ ಬನ್ನು. ಮೊಟ್ಟೆ ತಿನ್ನದೋರು ಎಗ್ ಪಫ್ಸಿಗೆ ಬೆರಳಿಟ್ಬುಟ್ರೆ ಕಷ್ಟ. ಅವು ಐದೂ ನೀವು ಬರ್ದುಕೊಡಿ. ನಿಮ್ ಫೀಸು ಒಂದಕ್ಕೆ ಎಷ್ಟೋ ಅಷ್ಟೇ, ಅದ್ರಲ್ಲಿ ಚೌಕಾಸಿ ಇಲ್ಲ. ಅಕ್ಷರ, ಬಣ್ಣ, ಪ್ರಿಂಟು ಎಲ್ಲಾ ನಿಮ್ದೇ. ಆಗುತ್ತಾ?"

ಆಗುತ್ತದೆ ಎಂದೆ. ಮೂರು ತಿಂಗಳ ಬಾಡಿಗೆ ಅಲ್ಲ, ಆದರೆ ಮರ್ಯಾದೆಯ ಕೆಲಸ. ಅವರ ಲೆಕ್ಕವನ್ನು ನಾನೇ ಹಾಕಿದ್ದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತಿತ್ತೇನೋ. ಹೆಂಡತಿ ಐದು ತಿಂಡಿಗಳನ್ನೂ ಡಬ್ಬಕ್ಕೆ ಹಾಕಿ ದಾರ ಕಟ್ಟಿ ಕೊಟ್ಟರು.

ಮನೆಗೆ ಬಂದು ಕಿಟಕಿಯ ಬಳಿ ಮೇಜಿನ ಮೇಲೆ ಒಂದೊಂದನ್ನೂ ತಟ್ಟೆಯಲ್ಲಿಟ್ಟೆ. ಬೆಳಕು ಚೆನ್ನಾಗಿತ್ತು. ಪೆನ್ಸಿಲ್ ಚೂಪು ಮಾಡಲು ಒಳಗೆ ಹೋದೆ. ಬೇಕೆಂದೇ ತುಸು ತಡ ಮಾಡಿದೆ, ಕಾಫಿಗೆ ನೀರಿಟ್ಟೆ, ಒಣಗಿದ ಬಟ್ಟೆ ಮಡಚಿದೆ. ಬಂದು ನೋಡಿದಾಗ ಐದೂ ಇಟ್ಟ ಹಾಗೇ ಇದ್ದವು. ಹನಿ ಕೇಕಿನ ಮೇಲಿನ ಕೊಬ್ಬರಿಯ ಒಂದು ಎಳೆಯೂ ಅಲುಗಿರಲಿಲ್ಲ. ಒಳಗಿನದು ಕಾಣುವಂತೆ ಬರೆಯಬೇಕಿತ್ತು, ಅಡುಗೆಮನೆಯಿಂದ ಚಾಕು ತಂದು ಐದನ್ನೂ ನಾನೇ ಕತ್ತರಿಸಿದೆ.